ಒಂಬತ್ತು ಬಣ್ಣಕ್ಕೆ ಐದು ಸೀರೆ

೨೦೨೪ನೆಯ ಇಸವಿಯ ಮಹಾಲಯ ಅಮಾವಾಸ್ಯೆಗೆ ಇನ್ನು ಎಂಟು ದಿನವಿರುವಾಗ ನಮ್ಮ ಸೊಸೆಯು ಒಂದು ಕಾಗದದ ಚೂರನ್ನು ತಂದು ನಮ್ಮ ಮುಂದಿಟ್ಟಳು. ಅದರಲ್ಲಿ ಒಂಬತ್ತು ವಾರಗಳ ಹೆಸರೂ ಅವುಗಳ ಮುಂದೆ ಒಂಬತ್ತು ಬಣ್ಣಗಳೂ ಬರೆದಿದ್ದವು. ಗುರುವಾರ ಹಳದಿ, ಶುಕ್ರವಾರ ಹಸುರು, ಶನಿವಾರ ಬೂದಿಬಣ್ಣ, ಆದಿತ್ಯವಾರ ಕೇಸರಿ, ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ಕಡುನೀಲಿ. ಮತ್ತೆ ಗುರುವಾರ ಗುಲಾಬಿ, ಶುಕ್ರವಾರ ನೇರಳೆ. ನಾವು ಜೇವರ್ಗಿಯಲ್ಲಿ ನೆಲೆಸಿದವರು. ನಮ್ಮ ಓಣಿಯ ಹೆಣ್ಣುಮಕ್ಕಳು ನವರಾತ್ರಿಯ ಒಂಬತ್ತು ದಿನವೂ ನಸುಕಿನಲ್ಲೆದ್ದು ಮಿಂದು ಬನ್ನಿಗಿಡಕ್ಕೆ ಹೋಗಿ ಪೂಜಿಸಿ ಬರುವ ಪದ್ಧತಿಯುಂಟು. ಈಗ ಕೆಲವು ವರ್ಷಗಳಿಂದ ಎಲ್ಲರೂ ಆಯಾ ದಿನದ ಬಣ್ಣದ ಸೀರೆಯನ್ನೇ ಉಟ್ಟು ಹೋಗತಕ್ಕದ್ದೆಂದು ತಮ್ಮತಮ್ಮಲ್ಲಿಯೇ ಕಟ್ಟು ಮಾಡಿಕೊಂಡಿದ್ದಾರೆ. ಸೊಸೆಯ ಪೆಟ್ಟಿಗೆಯಲ್ಲಿ ಪಟ್ಟಿಗೆ ಒಗ್ಗುವ ಸೀರೆಗಳು ನಾಲ್ಕು. ಮಿಕ್ಕ ಐದನ್ನು ಗಂಟು ಹೊತ್ತು ತರುವ ಬಟ್ಟೆಯ ವ್ಯಾಪಾರಿಯೊಬ್ಬನು ಕಂತಿನ ಮೇಲೆ ಕೊಡಲು ಒಪ್ಪಿದ್ದನು. ತೆಗೆದುಕೊಳ್ಳಲೋ ಬೇಡವೋ ಎಂದು ಕೇಳಲು ಬಂದಿದ್ದಳು.

ನಮ್ಮ ಸೀಮೆಯ ಒಕ್ಕಲುತನವನ್ನು ಬಲ್ಲವರಿಗೆ ಆ ಪ್ರಶ್ನೆಯ ಭಾರವು ತಿಳಿಯದಿರದು. ಇಲ್ಲಿ ಮನೆಗೆ ಹಣ ಬರುವುದು ತೊಗರಿಯ ರಾಶಿಯಾದ ಮೇಲೆ. ಅದು ಡಿಸೆಂಬರ್ ಇಲ್ಲವೆ ಜನೇವರಿಯ ಮಾತು. ನವರಾತ್ರಿಯ ಹೊತ್ತಿಗೆ ತೊಗರಿಯು ಇನ್ನೂ ಹೊಲದಲ್ಲಿಯೇ ನಿಂತಿರುತ್ತದೆ. ಆ ವರ್ಷ ಮುಂಗಾರಿನ ಹೆಸರು ನಮ್ಮ ಹೊಲದಲ್ಲಿ ಮಳೆಗೆ ಸಿಕ್ಕಿ ಕಪ್ಪಾಗಿ, ಬಂದ ಬೆಲೆಯು ಕೂಲಿಗೆ ಸರಿಹೋಗಿತ್ತು. ನಮ್ಮ ನಿವೃತ್ತಿಯ ವೇತನವೊಂದೇ ಮನೆಯನ್ನು ನಡೆಯಿಸುತ್ತಿತ್ತು. ಕಂತಿನ ಸೀರೆಯ ಬಣ್ಣವು ಕಂತು ತೀರುವ ಮೊದಲೇ ಹೋಗುವುದನ್ನು ನಾವು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇವೆ.

ಮೊದಲು ನಾವು ಪಂಡಿತರ ಉತ್ತರವನ್ನು ಕೊಟ್ಟೆವು. ದೇವೀಮಾಹಾತ್ಮ್ಯದಲ್ಲಿ ದಿನಕ್ಕೊಂದು ಬಣ್ಣವೆಂಬ ವಿಧಿಯು ಎಲ್ಲಿಯೂ ಇಲ್ಲ. ಶೈಲಪುತ್ರಿಯೇ ಮೊದಲಾದ ಒಂಬತ್ತು ಹೆಸರುಗಳು ದೇವೀಕವಚದಲ್ಲಿ ಬರುವುವು, ಆದರೆ ಅಲ್ಲಿಯೂ ಸೀರೆಯ ಮಾತಿಲ್ಲ. ಈ ಪಟ್ಟಿಯನ್ನು ಹಬ್ಬಿಸಿದ್ದು ೨೦೦೦ದ ನಂತರದ ಮೊದಲ ವರ್ಷಗಳಲ್ಲಿ ಮುಂಬಯಿಯ ಒಂದು ಮರಾಠಿ ದಿನಪತ್ರಿಕೆ. ಅಲ್ಲಿಂದ ಅದು ಗಡಿ ದಾಟಿ ನಮ್ಮ ಆಳಂದ ಅಫಜಲಪುರಗಳಿಗೆ ಬಂದಿದೆ. ಪಟ್ಟಿಯು ತಿಥಿಯನ್ನೂ ಅನುಸರಿಸಿದ್ದಲ್ಲ, ವಾರವನ್ನು ಅನುಸರಿಸಿದ್ದು. ಇಷ್ಟನ್ನೂ ಸಾವಕಾಶವಾಗಿ ಕೇಳಿ ಅವಳು ಅಂದಳು: “ಶಾಸ್ತ್ರದಾಗ ಇಲ್ಲಂತ ಹೇಳಿ ಅಷ್ಟೂ ಮಂದಿ ನಡಬರಕ ನಾ ಒಬ್ಬಾಕಿ ಬ್ಯಾರೆ ಬಣ್ಣ ಉಟ್ಟು ನಿಂದ್ರಲೇನ್ರಿ ಮಾಮಾ?” ಅದಕ್ಕೆ ನಮ್ಮ ವ್ಯಾಕರಣದಲ್ಲಿ ಉತ್ತರವಿರಲಿಲ್ಲ. ಕಂತಿನ ವ್ಯಾಪಾರಿಗೆ ಎರಡು ದಿನ ತಡೆಯೆಂದು ಹೇಳಿಕಳುಹಿಸಿ, ಪೆಟ್ಟಿಗೆಯನ್ನು ಪಡಸಾಲೆಗೆ ತರಿಸಿದೆವು.

ಪಟ್ಟಿಯು ವಾರವನ್ನು ಅನುಸರಿಸುವುದು ಶಾಸ್ತ್ರಕ್ಕೆ ಕುಂದಾದರೂ ಬಡವರಿಗೆ ಅನುಕೂಲವೆಂಬುದು ಆಗ ನಮಗೆ ಹೊಳೆಯಿತು. ಸೋಮವಾರ ಯಾವಾಗಲೂ ಬಿಳಿ, ಮಂಗಳವಾರ ಯಾವಾಗಲೂ ಕೆಂಪು. ಹಬ್ಬ ಯಾವ ವಾರ ತೊಡಗುವುದೋ ಅಲ್ಲಿಂದ ಏಳು ಬಣ್ಣಗಳು ಚಕ್ರದಂತೆ ಸುತ್ತುವುವು. ೨೦೨೩ರಲ್ಲಿ ಆದಿತ್ಯವಾರ ತೊಡಗಿತು, ಕೇಸರಿ ಮೊದಲಾಯಿತು. ೨೦೨೪ರಲ್ಲಿ ಗುರುವಾರ, ಹಳದಿ ಮೊದಲಾಯಿತು. ಕಡೆಯ ಎರಡು ದಿನಗಳು ಮಾತ್ರ ಈ ಚಕ್ರದ ಹೊರಗಿನವು; ಗುಲಾಬಿ, ನೇರಳೆ, ನವಿಲುಹಸುರು ಇವುಗಳಲ್ಲಿ ಎರಡು ಅಲ್ಲಿಗೆ ಬರುವುವು. ಆದುದರಿಂದ ಪಂಚಾಂಗದಲ್ಲಿ ಪ್ರತಿಪದೆಯ ವಾರವನ್ನು ನೋಡಿದ ಕೂಡಲೆ ಏಳು ದಿನದ ಲೆಕ್ಕವು ತಿಳಿಯುವುದು. ಒಂದು ಸೀರೆಯನ್ನು ಎರಡು ಸಲ ಉಡುವುದಾದರೆ ನಡುವೆ ಎಷ್ಟು ದಿನ ಸಿಕ್ಕುವುದೆಂಬುದೂ ತಿಳಿಯುವುದು.

ಪೆಟ್ಟಿಗೆಯಲ್ಲಿದ್ದವು ಇವು: ಕೆಂಪಂಚಿನ ಅರಿಸಿನಬಣ್ಣದ ನೂಲಿನ ಸೀರೆ, ಹಸುರು ಒಡಲಿನ, ಕೆಂಪು ಸೆರಗಿನ ಇಳಕಲ್ಲ ಸೀರೆ, ಕರಿದು ಬಿಳಿದು ನೂಲಿನ ಸಣ್ಣ ಚೌಕಡಿಯ ಸೀರೆ, ಮತ್ತು ಮದುವೆಯಲ್ಲಿ ತವರಿನವರು ಕೊಟ್ಟ ಧೂಪಛಾವಿಯ ರೇಷ್ಮೆ ಸೀರೆ. ಧೂಪಛಾವಿ ಎಂದರೆ ಬಿಸಿಲು ನೆಳಲಿನ ನೇಯ್ಗೆ. ಇದರಲ್ಲಿ ಹಾಸು ನೀಲಿ, ಹೊಕ್ಕು ಕೆಂಪು; ತಿರುಗಿಸಿದಂತೆ ಬಣ್ಣವು ಹೊರಳುವುದು.

ಹಳದಿ ಹಸುರುಗಳು ಸುಲಭವಾದವು. ಬೂದಿಬಣ್ಣಕ್ಕೆ ಚೌಕಡಿಯ ಸೀರೆಯನ್ನು ಎತ್ತಿದಾಗ ಸೊಸೆಯು “ಇದು ಕರೀದು ಬಿಳೀದು, ಬೂದಿ ಎಲ್ಲದ?” ಎಂದಳು. ನಾವು ಅದನ್ನು ಅಂಗಳದ ಹಗ್ಗದ ಮೇಲೆ ಹಾಕಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡೆಂದೆವು. ಚೌಕವು ಕಾಳಿಗಿಂತ ಸಣ್ಣದಿದ್ದರೆ ದೂರದ ಕಣ್ಣಿಗೆ ಎರಡು ಬಣ್ಣಗಳು ಕೂಡಿ ಒಂದಾಗುವುವು; ಸೀರೆಯು ಚೊಕ್ಕವಾದ ಬೂದಿಬಣ್ಣದ್ದಾಗಿ ಕಂಡಿತು. ಆದರೆ ಅವಳು ಮೇಲೆ ಕೆಂಪು ಕುಪ್ಪಸವನ್ನು ಇಟ್ಟು ನೋಡಿದಾಗ ಅದೇ ಬೂದಿಯು ತುಸು ಹಸುರಿಗೆ ಹೊರಳಿತು. ಬೂದಿಬಣ್ಣಕ್ಕೆ ಸ್ವಂತ ಸ್ವಭಾವವು ಕಡಮೆ. ನೆರೆಯ ಬಣ್ಣಕ್ಕೆ ಎದುರಾದ ಛಾಯೆಯನ್ನು ಹಿಡಿದುಕೊಳ್ಳುವುದು. ಕುಪ್ಪಸವು ಕರಿಯದಾಗಿರಬೇಕೆಂದು ನಿಶ್ಚಯಿಸಿದೆವು. ಅಮರಸಿಂಹನು ಧೂಸರವೆಂಬುದನ್ನು ತುಸು ಬಿಳುಪಾದ ಬಣ್ಣವೆಂದು ಮಾತ್ರ ಹೇಳಿ ಬಿಟ್ಟಿದ್ದಾನೆ. ಅಷ್ಟು ಸಾಕೆಂದು ಅವನಿಗೆ ಏಕೆ ತೋರಿತೆಂಬುದು ಅಂದು ನಮಗೆ ಅರ್ಥವಾಯಿತು.

ಕೆಂಪಿನ ಉಪಾಯವನ್ನು ನಮ್ಮ ಮನೆಯವರು ಹೇಳಿಕೊಟ್ಟರು. ಇಳಕಲ್ಲ ಸೀರೆಯಲ್ಲಿ ಒಡಲ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಹೂಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುವರು. ಆದುದರಿಂದ ಒಡಲು ಯಾವ ಬಣ್ಣದ್ದಿದ್ದರೂ ಸೆರಗು ಕೆಂಪಾಗಿಯೇ ಇರಬಲ್ಲುದು. ಶುಕ್ರವಾರ ಸೆರಗನ್ನು ಸಣ್ಣ ಮಡಿಕೆ ಮಾಡಿ ಹೆಗಲಿಗೆ ಪಿನ್ನು ಚುಚ್ಚಿ, ಹಸುರು ಕುಪ್ಪಸವನ್ನು ತೊಟ್ಟರೆ ನೋಡುವವರಿಗೆ ಹಸುರೇ ಹಸುರು. ಮಂಗಳವಾರ ಅದೇ ಸೀರೆಯನ್ನು ಹಿರಿಯರಂತೆ ಸೆರಗು ಬಿಡಿಸಿ ತಲೆಯ ಮೇಲೆ ಹೊದ್ದು, ಎರಡು ಹೆಗಲನ್ನೂ ಎದೆಯನ್ನೂ ಮುಚ್ಚಿ, ಒಳಗೆ ಕೆಂಪು ಖಣದ ಕುಪ್ಪಸವನ್ನು ತೊಟ್ಟರೆ ನಡುವಿನ ಮೇಲೆಲ್ಲ ಕೆಂಪು. ಎದುರಿಗೆ ನಿಂತವರು ಮೊದಲು ನೋಡುವುದು ಮುಖದ ಸುತ್ತಲಿನ ಬಣ್ಣವನ್ನಲ್ಲದೆ ನಿರಿಗೆಯನ್ನಲ್ಲ. ಇದಕ್ಕಾಗಿ ಸೀರೆಯು ಉದ್ದಸೆರಗಿನದಾಗಿರಬೇಕು. ನಿರಿಗೆಯಲ್ಲಿ ಎರಡು ಮಡಿಕೆ ಕಡಮೆ ಹಿಡಿದು ಆ ಅಳತೆಯನ್ನು ಸೆರಗಿಗೆ ಬಿಡಬೇಕು. ಅಂದು ಬನ್ನಿಯ ಪೂಜೆಯಾದ ಬಳಿಕ ಅಫಜಲಪುರ ತಾಲೂಕಿನ ಘತ್ತರಗಿಗೆ ಹೋಗಿ ಭಾಗಮ್ಮನ ದರ್ಶನ ಮಾಡುವುದೆಂದು ಗೊತ್ತಾಗಿತ್ತು. ಭೀಮಾತೀರದ ಗಾಳಿಯಲ್ಲಿ ಹೊದ್ದ ಸೆರಗು ಅನುಕೂಲವೇ ಆಯಿತು.

ಕೇಸರಿಗೆ ಅರಿಸಿನದ ಸೀರೆಯನ್ನೇ ಎರಡನೆಯ ಸಲ ಉಡುವುದು. ಒಂದು ಕೇಸರಿ ಖಣವನ್ನು ಮಾತ್ರ ಕೊಂಡು ಕುಪ್ಪಸ ಹೊಲಿಯಿಸುವುದು, ತಲೆಗೆ ಚೆಂಡುಹೂವಿನ ಮಾಲೆ ಮುಡಿಯುವುದು. ಹಳದಿಯೂ ಕೇಸರಿಯೂ ನೆರೆಯವಾದುದರಿಂದ ಇದು ನಡೆದುಹೋಗುವುದು. ನೀಲಿಯ ಮೇಲೆ ಇಂಥ ಉಪಾಯವು ಸಾಗದು. ಗುರುವಾರ ಉಟ್ಟದ್ದನ್ನು ಅಂದೇ ಒಗೆದರೆ ಆದಿತ್ಯವಾರಕ್ಕೆ ಮೋಡವಿದ್ದರೂ ಆರುವುದು. ಒಗೆಯುವ ಮೊದಲು ಕೆಂಪಂಚಿನ ಒಂದು ಮೂಲೆಯನ್ನು ನೀರಲ್ಲಿ ನೆನೆಯಿಸಿ ಬಿಳಿಯ ಅರಿವೆಯಿಂದ ಒತ್ತಿ ನೋಡಿಸಿದೆವು. ಅರಿವೆಗೆ ತುಸು ಕೆಂಪು ಹತ್ತಿತು. ಹಾಗೆ ಹತ್ತಿದರೆ ಸೀರೆಯನ್ನು ನೆನೆಯಿಡಲಾಗದು, ತಣ್ಣೀರಲ್ಲಿ ಅದ್ದಿ ಕೂಡಲೆ ತೆಗೆದು, ಮಡಿಕೆಯ ಮೇಲೆ ಮಡಿಕೆ ಬೀಳದಂತೆ ನೆಳಲಲ್ಲಿ ಹರವಬೇಕು. ನೀರಿಗೆ ಉಪ್ಪು ಹಾಕಿದರೆ ಬಣ್ಣ ನಿಲ್ಲುವುದೆಂದು ನಮ್ಮಲ್ಲಿ ಎಲ್ಲರೂ ಹೇಳುವರು. ಬಿಡತೊಡಗಿದ ಬಣ್ಣವನ್ನು ಉಪ್ಪು ತಡೆದದ್ದನ್ನು ನಾವು ಕಂಡಿಲ್ಲ.

ಧೂಪಛಾವಿಯ ಸೀರೆಯ ಮೇಲೆ ಬುಧವಾರದ ಕಡುನೀಲಿಯೂ ಕಡೆಯ ಶುಕ್ರವಾರದ ನೇರಳೆಯೂ ಎರಡೂ ಬಿದ್ದವು. ಇದು ಸಾಗುವುದೆಂದು ನಮಗೆ ಧೈರ್ಯ ಬಂದುದು ಒಂದು ಹಳೆಯ ಓದಿನಿಂದ. ಬೊಹೀಮಿಯದ ಪುರ್ಕಿಂಜೆ ಎಂಬ ವೈದ್ಯಪಂಡಿತನು ೧೮೨೫ರಲ್ಲಿ ಬರೆದ ಸಂಗತಿ: ನಸುಕಿನಲ್ಲಿ ಕೆಂಪು ಕಪ್ಪಾಗಿ ಕುಗ್ಗುವುದು, ನೀಲಿ ಬೆಳಕಾಗಿ ಏಳುವುದು; ಬಿಸಿಲು ಬಂದ ಮೇಲೆ ಕೆಂಪು ತನ್ನ ತೇಜಸ್ಸನ್ನು ಮರಳಿ ಪಡೆಯುವುದು. ಕಣ್ಣು ಮಬ್ಬುಬೆಳಕಿನಲ್ಲಿ ನೋಡುವ ರೀತಿಯೇ ಹಾಗೆ. ಬನ್ನಿಯ ಪೂಜೆಯು ಸೂರ್ಯೋದಯಕ್ಕೆ ಮೊದಲು ನಡೆಯುವುದು. ನಾವು ಸೊಸೆಯನ್ನು ಐದು ಗಂಟೆಗೆ ಎಬ್ಬಿಸಿ, ದೀಪ ಹಚ್ಚದೆ ಸೀರೆಯನ್ನು ಅಂಗಳದಲ್ಲಿ ಹಿಡಿದು ನಿಲ್ಲೆಂದು ಹೇಳಿದೆವು. ಮಬ್ಬಿನಲ್ಲಿ ಸೀರೆಯ ಕೆಂಪೆಲ್ಲ ಅಡಗಿ ಕಡುನೀಲಿಯೊಂದೇ ಉಳಿದಿತ್ತು. ಅವಳು ಏನೂ ಹೇಳದೆ ನಕ್ಕಳು. ಕಡೆಯ ಶುಕ್ರವಾರ ಉಡಿ ತುಂಬುವ ಶಾಸ್ತ್ರವಿರುವುದರಿಂದ ನಮ್ಮ ಓಣಿಯವರು ಬಿಸಿಲೇರಿದ ಮೇಲೆ ಹೋಗುವರು; ಆಗ ಅದೇ ಸೀರೆಯು ನೇರಳೆಹಣ್ಣಿನ ಬಣ್ಣದ್ದಾಗುವುದು. ನಡುವೆ ಒಂದೇ ದಿನವಿದ್ದರೂ ರೇಷ್ಮೆಯನ್ನು ಒಗೆಯಬೇಕಾಗಿಲ್ಲ, ನೆಳಲಲ್ಲಿ ಗಾಳಿಗೆ ಹಾಕಿದರೆ ಸಾಕು.

ಹೀಗೆ ನಾಲ್ಕು ಸೀರೆಗೆ ಏಳು ದಿನ ತೀರಿದುವು. ಉಳಿದದ್ದು ಸೋಮವಾರದ ಬಿಳಿ, ಗುರುವಾರದ ಗುಲಾಬಿ. ಬಿಳಿಯನ್ನು ಉಟ್ಟ ಮೇಲೆ ಅದಕ್ಕೇ ಗುಲಾಬಿ ಬಣ್ಣ ಹಾಕಿದರೆ ಒಂದು ಸೀರೆಗೆ ಎರಡು ದಿನವೂ ತೀರುವುವೆಂದು ನಮ್ಮ ಮನೆಯವರು ಅಂದರು. ಬಿಳಿಯು ಏಳರ ಚಕ್ರದಲ್ಲಿಯೂ ಗುಲಾಬಿಯು ಕಡೆಯಲ್ಲಿಯೂ ಬರುವುದರಿಂದ ಬಿಳಿಯೇ ಯಾವಾಗಲೂ ಮುಂದು, ಲೆಕ್ಕವು ಸರಿಯೇ. ಆದರೆ ನಮ್ಮಲ್ಲಿ ಇದ್ದ ಬಿಳಿಯ ಸೀರೆ ಒಂದೇ. ಅದು ನಮ್ಮ ಅವ್ವನದು, ಆಳಂದದಲ್ಲಿ ನಮ್ಮ ಅಕ್ಕನ ಪೆಟ್ಟಿಗೆಯಲ್ಲಿತ್ತು. ಅವ್ವನು ಮೂವತ್ತೆರಡರಲ್ಲಿ ವಿಧವೆಯಾದವಳು. ಮುಂದೆ ಸಾಯುವ ತನಕ ಬಿಳಿಯನ್ನೇ ಉಟ್ಟಳು. ಈ ಸೀರೆಯನ್ನು ನಾವು ನಮ್ಮ ಮೊದಲನೆಯ ಸಂಬಳದಲ್ಲಿ ತಂದುಕೊಟ್ಟಿದ್ದೆವು. ಅದನ್ನು ಸೊಸೆಯು ಒಂದು ದಿನ ಉಟ್ಟು ಮಡಿಚಿಡಲಿ, ಬಣ್ಣದ ಡಬ್ಬಿಯಲ್ಲಿ ಅದ್ದಲು ಮಾತ್ರ ಕೊಡಲಾರೆವೆಂದು ನಾವು ಹೇಳಿದೆವು. ಮನೆಯವರು ಮರುಮಾತಾಡಲಿಲ್ಲ. ಕಂತಿನ ವ್ಯಾಪಾರಿಗೆ ಒಂದು ಸೀರೆ ಉಳಿಯಿತೆಂದುಕೊಂಡು ನಾವು ಕಲಬುರಗಿಯ ಮೇಲಿಂದ ಆಳಂದಕ್ಕೆ ಬಸ್ಸು ಹಿಡಿದೆವು.

ಅಕ್ಕನು ಸೀರೆಯನ್ನು ತೆಗೆದು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಬಹುಕಾಲ ಒಂದೇ ಮಡಿಕೆಯಲ್ಲಿದ್ದ ನೂಲಿನ ಬಟ್ಟೆಯು ಮಡಿಕೆಯ ಗೆರೆಯಲ್ಲಿಯೇ ಸೀಳುವುದು. ಇದರಲ್ಲಿ ಸೀಳಿರಲಿಲ್ಲ, ಅವಳು ವರ್ಷಕ್ಕೊಮ್ಮೆ ಮಡಿಕೆಯನ್ನು ಬದಲಿಸುತ್ತಿದ್ದಳಂತೆ. ಎಲ್ಲ ಲೆಕ್ಕವನ್ನು ಕೇಳಿ, “ಗುರುವಾರಕ್ಕ ಏನು ಮಾಡ್ತೀರಿ?” ಎಂದಳು. ನಾವು ಮನೆಯವರ ಮಾತನ್ನೂ ನಮ್ಮ ಮಾತನ್ನೂ ಹೇಳಿದೆವು. ಅಕ್ಕನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ತಮ್ಮ, ಇದನ್ನ ನೀ ತಂದ ದಿವಸ ಅವ್ವ ಏನಂದ್ಲು ಗೊತ್ತದೇನು? ನೀ ಹೊರಗ ಹೋದಮ್ಯಾಲ ಬಿಚ್ಚಿ ನೋಡಿ, ‘ನನ್ನ ಮಗಾನೂ ಬಿಳೀದೇ ತಂದ’ ಅಂದ್ಲು. ಅಷ್ಟೇ ಅಂದ್ಲು. ಒಯ್ಯಿ, ಬಣ್ಣ ಹಾಕ್ಸು.” ಅಕ್ಕನೂ ಆರು ವರ್ಷಗಳಿಂದ ಬಿಳಿಯ ಸೀರೆಯನ್ನೇ ಉಡುವವಳು. ನಾವು ಗಂಟನ್ನು ಮಡಿಲಲ್ಲಿಟ್ಟುಕೊಂಡು ಮರಳಿದೆವು. ಕಂತಿನ ವ್ಯಾಪಾರಿಗೆ ಬೇಡವೆಂದು ಹೇಳಿಕಳುಹಿಸಲಾಯಿತು.

ಸೋಮವಾರ ಉಟ್ಟದ್ದಾಯಿತು. ಮಂಗಳವಾರ ಘತ್ತರಗಿಯಿಂದ ಬಂದ ಬಳಿಕ ಬಣ್ಣದ ಕೆಲಸಕ್ಕೆ ಕೈಹಾಕಿದೆವು. ಮೊದಲು ಸೀರೆಯ ತುದಿಯಿಂದ ಒಂದು ಎಳೆಯನ್ನು ಕಿತ್ತು ದೀಪಕ್ಕೆ ಹಿಡಿದೆವು. ನೂಲಾದರೆ ಕಾಗದ ಸುಟ್ಟ ನಾತ ಬಂದು ಬೂದಿಯಾಗುವುದು. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುವುದು, ಅದಕ್ಕೆ ಅಂಗಡಿಯ ಬಣ್ಣವು ಹತ್ತದು. ಇದು ಬೂದಿಯಾಯಿತು. ಸೀರೆಯು ಹೆಚ್ಚುಕಡಮೆ ಅರ್ಧ ಕಿಲೋ ತೂಕದ್ದು. ಅದಕ್ಕೆ ಹತ್ತು ಲೀಟರಿನಷ್ಟು ನೀರು ಬೇಕು. ಅಡಿಗೆಯ ಪಾತ್ರೆಯನ್ನು ಮುಟ್ಟದೆ ಎಣ್ಣೆಯ ಹಳೆಯ ಡಬ್ಬಿಯಲ್ಲಿ ನೀರು ಕಾಯಿಸಿದೆವು. ಪೊಟ್ಟಣದ ಪುಡಿಯನ್ನು ಬೇರೆಯಾಗಿ ಬಿಸಿನೀರಲ್ಲಿ ಕದಡಿ ಅರಿವೆಯಲ್ಲಿ ಸೋಸಿ ಹಾಕಬೇಕು, ಇಲ್ಲವಾದರೆ ಕರಗದ ಕಣಗಳು ಬಟ್ಟೆಯ ಮೇಲೆ ಚುಕ್ಕೆಯಾಗಿ ಕೂಡುವುವು. ಸೀರೆಯನ್ನು ಗಂಜಿ ಹೋಗುವಂತೆ ಒಗೆದು, ಒದ್ದೆಯಾಗಿಯೇ ಇಳಿಸಿ, ಕೋಲಿನಿಂದ ನಿಲ್ಲಿಸದೆ ತಿರುವುತ್ತಿರಬೇಕು. ಕೈ ನಿಂತಲ್ಲಿ ಪಟ್ಟೆ ಮೂಡುವುದು. ಹತ್ತು ಮಿನಿಟಿನ ಮೇಲೆ ಒಂದು ಹಿಡಿ ಉಪ್ಪು; ಇಲ್ಲಿ ಉಪ್ಪು ನಿಜವಾಗಿ ಕೆಲಸ ಮಾಡುವುದು, ನೀರಿನಲ್ಲಿರುವ ಬಣ್ಣವನ್ನು ನೂಲಿನತ್ತ ನೂಕುವುದು. ಹದವನ್ನು ಒದ್ದೆಯಲ್ಲಿ ನೋಡಿ ನಂಬಲಾಗದು, ಒದ್ದೆಯ ಬಟ್ಟೆ ಯಾವಾಗಲೂ ಗಾಢವಾಗಿ ಕಾಣುವುದು. ತುದಿಯ ಒಂದು ಎಳೆಯನ್ನು ಬೆರಳಲ್ಲಿ ಹಿಂಡಿ ಆರಿಸಿ ನೋಡುತ್ತ ಅರ್ಧ ಗಂಟೆಗೆ ಇಳಿಸಿದೆವು.

ಸೋಮವಾರದ ಬಿಳಿಯ ಕುಪ್ಪಸವನ್ನೂ ಅದೇ ನೀರಿಗೆ ಹಾಕಿದ್ದೆವು. ಅದರ ಎಳೆಯನ್ನು ಸುಟ್ಟು ನೋಡುವುದನ್ನು ಮರೆತದ್ದು ನಮ್ಮ ತಪ್ಪು. ಅದು ಬೆರಕೆಯ ನೂಲಿನದು. ಸೀರೆಯು ಒಳ್ಳೆಯ ಗುಲಾಬಿಯಾದರೆ ಕುಪ್ಪಸವು ಬಣ್ಣದ ನೀರಲ್ಲಿ ಕೈ ತೊಳೆದಂತೆ ತೆಳುವಾಗಿ ಬಂದಿತು, ಹೊಲಿಗೆಯ ದಾರವಂತೂ ಬಿಳಿಯಾಗಿಯೇ ನಿಂತಿತು. ಅಮರಕೋಶದ ಪ್ರಕಾರ ಬಿಳಿಯೂ ಕೆಂಪೂ ಕೂಡಿದ್ದು ಪಾಟಲವೆಂದು ನಾವು ಸಮಾಧಾನ ಹೇಳಿದೆವು. “ನಿಮ್ಮ ಕೋಶ ನಮ್ಮ ಓಣ್ಯಾಗ ಯಾರೂ ಓದಿಲ್ರಿ” ಎಂದು ಮನೆಯವರು ಅಂದರು. ಗುರುವಾರ ಸೊಸೆಯು ಸೆರಗನ್ನು ಮುಂದೆ ಹೊದ್ದುಕೊಂಡು ಹೋದಳು, ಯಾರೂ ಗಮನಿಸಲಿಲ್ಲವಂತೆ.

ಬಣ್ಣ ಹಾಕುವುದು ಒಂದೇ ದಿಕ್ಕಿನ ದಾರಿಯೆಂಬುದು ಮರುವರ್ಷ ತಿಳಿಯಿತು. ೨೦೨೫ರಲ್ಲಿ ಹಬ್ಬವು ಸಪ್ಟಂಬರ ೨೨, ಸೋಮವಾರ ತೊಡಗಿತು. ಮೊದಲ ದಿನವೇ ಬಿಳಿ, ನಮ್ಮಲ್ಲಿ ಬಿಳಿ ಇಲ್ಲ. ನೆರೆಮನೆಯಾಕೆಯಿಂದ ಒಂದು ದಿನಕ್ಕೆ ತಂದು, ಬದಲಿಗೆ ಶುಕ್ರವಾರ ಅವರಿಗೆ ನಮ್ಮ ಹಸುರನ್ನು ಕೊಟ್ಟುದಾಯಿತು. ಅಂದು ಸೊಸೆಯು ಅತ್ತೆಯ ಹಳೆಯ ಹಸುರು ಸೀರೆಯನ್ನು ಉಟ್ಟಳು. ಆ ವರ್ಷ ತಿಥಿಯು ಬೆಳೆದು ಮಹಾನವಮಿಯು ಹತ್ತನೆಯ ದಿನಕ್ಕೆ, ಅಕ್ಟೋಬರ ೧ಕ್ಕೆ ಬಿದ್ದಿತು. ಬಣ್ಣಗಳು ಒಂಬತ್ತೇ, ಕಡೆಯ ಗುಲಾಬಿಯು ಮಂಗಳವಾರಕ್ಕೆ ಮುಗಿದುಹೋಗಿತ್ತು. ಆ ವರ್ಷದ ಪೂಜೆಯು ಕಡೆಯ ದಿನವೂ ನಸುಕಿನಲ್ಲಿಯೇ ಗೊತ್ತಾಗಿತ್ತು. ಬುಧವಾರ ಬೇಕಾದ್ದನ್ನು ಉಡಬಹುದೆಂದು ಓಣಿಯವರು ಮಾತಾಡಿಕೊಂಡರು.

ಅಕ್ಕನು ಹಬ್ಬಕ್ಕೆಂದು ಆಳಂದದಿಂದ ಬಂದಿದ್ದಳು. ಮಂಗಳವಾರ ಸೊಸೆಯು ಉಟ್ಟು ಒಗೆದು ಹಾಕಿದ್ದ ಗುಲಾಬಿ ಸೀರೆಯನ್ನು ಸಂಜೆ ಹಗ್ಗದ ಮೇಲಿಂದ ತೆಗೆದು ಮಡಿಚಿದವಳು ಅವಳೇ. ಬುಧವಾರ ನಸುಕಿನಲ್ಲಿ ಹೆಣ್ಣುಮಕ್ಕಳ ಹಿಂದೆ ಅವಳೂ ಹೊರಟಾಗ ನಾವು ಕಟ್ಟೆಯ ಮೇಲೆ ಕುಳಿತಿದ್ದೆವು. ಮಬ್ಬಿನಲ್ಲಿ ತೆಳುಗುಲಾಬಿಗೂ ಬಿಳಿಗೂ ಭೇದ ತೋರದು. ಅಕ್ಕನು ಎಂದಿನ ಸೀರೆಯನ್ನೇ ಉಟ್ಟಿದ್ದಾಳೆಂದು ಎಣಿಸಿದೆವು. ಅವರು ಬನ್ನಿಯಿಂದ ಮರಳುವಾಗ ಬಿಸಿಲು ಬಿದ್ದಿತ್ತು.